ಕೋಟು ಕೆಡಬಾರದೆಂದು ಬಂದ ಸ್ಕೂಟರು

ಕಡೂರಿನಲ್ಲಿ ನಾನು ಬಟ್ಟೆ ಹೊಲಿಸುವ ಟೈಲರ್ ಸಾಹೇಬರ ಹತ್ತಿರ ಅವರ ತಂದೆಯ ಕಾಲದ ಅಳತೆ ಪುಸ್ತಕಗಳಿವೆ. ಕೆಂಪು ರಟ್ಟಿನ ಉದ್ದನೆಯ ಪುಸ್ತಕಗಳು. ಮೊನ್ನೆ ಮೊಮ್ಮಗನ ಮದುವೆ ಕೋಟಿನ ಅಳತೆ ಕೊಡಿಸಲು ಹೋದಾಗ ಸುಮ್ಮನೆ ಒಂದನ್ನು ತಿರುವಿದೆ. 1967ರ ಪುಟಗಳಲ್ಲಿ ಪ್ಯಾಂಟಿನ ಬಾಟಮ್ ಹದಿನಾಲ್ಕು ಇಂಚು, ಹದಿನೈದು ಇಂಚು. ಎಂಟು ವರ್ಷ ಮುಂದಕ್ಕೆ ಹೋದರೆ ಅದೇ ಊರಿನ ಹುಡುಗರಿಗೆ ಇಪ್ಪತ್ತಾರು.

‘ಆ ಬಿಗಿ ಪ್ಯಾಂಟು ಹಾಕ್ಕೊಂಡು ಕೂರೋಕೇ ಆಗ್ತಿರಲಿಲ್ಲ ಮೇಷ್ಟ್ರೇ. ಆದ್ರೂ ಅರ್ಧ ಇಂಚು ಕಮ್ಮಿ ಮಾಡಿ ಅಂತ ನಮ್ಮ ಅಬ್ಬನ ಜೊತೆ ಜಗಳ ಆಡೋರು. ಎಲ್ಲಿಂದ ಬಂತು ಅಂತೀರಿ ಅದು?’ ಎಂದರು.

ನಮ್ಮೂರಿಗೆ ಬಂದದ್ದು ಸಿನಿಮಾದಿಂದ. 1965ರ ‘ಗುಮ್‌ನಾಮ್’ ಚಿತ್ರದ ಮೊದಲಲ್ಲಿ ಟೆಡ್ ಲಯನ್ಸ್ ಅಂಡ್ ಹಿಸ್ ಕಬ್ಸ್ ಎಂಬ ಗಿಟಾರ್ ತಂಡ ಬಿಗಿ ಸೂಟು ತೊಟ್ಟು ನುಡಿಸುತ್ತದೆ. ಬೀರೂರಿನ ಕಡೆಯ ನಮ್ಮ ಗೆಳೆಯರಿಗೆ ಹಾಡಿಗಿಂತ ಹೆಚ್ಚು ಹಿಡಿಸಿದ್ದು ಆ ಸೂಟು. ಸಾಹೇಬರಿಗೆ ಅಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಅಂಗಡಿಯ ಮುಂದೆ ನನ್ನ ಹಳೇ ವಿಜಯ್ ಸೂಪರ್ ನಿಂತಿತ್ತು, ಒಳಗೆ ಈ ಅಳತೆ ಪುಸ್ತಕ. ಇವೆರಡರ ನಡುವೆ ಇರುವ ನಂಟು ಎಷ್ಟೋ ವರ್ಷದಿಂದ ನನ್ನ ತಲೆಯಲ್ಲಿತ್ತು. ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳತೊಡಗಿದೆ.

ಐವತ್ತರ ದಶಕದ ಕೊನೆಗೆ ಲಂಡನ್ನಿನಲ್ಲಿ ಕೆಲವು ಹುಡುಗರು ತಮ್ಮನ್ನು ಮಾಡರ್ನಿಸ್ಟರೆಂದು ಕರೆದುಕೊಂಡರು. ಮಾಡರ್ನ್ ಜಾಜ್ ಸಂಗೀತದ ಹುಚ್ಚಿನವರು, ಅದಕ್ಕೆ ಆ ಹೆಸರು. ಜನರ ಬಾಯಲ್ಲಿ ಅದು ಮಾಡ್ ಆಯಿತು. ಹದಿನೈದಕ್ಕೆ ಶಾಲೆ ಬಿಟ್ಟು ಆಫೀಸಿನಲ್ಲೋ ಅಂಗಡಿಯಲ್ಲೋ ಕೆಲಸಕ್ಕೆ ಸೇರಿದವರೇ ಅವರಲ್ಲಿ ಹೆಚ್ಚು. ಕೆಲಸಕ್ಕೆ ಬರವಿರಲಿಲ್ಲ. ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸುವ ಕ್ರಮವೂ 1960ಕ್ಕೆ ಮುಗಿಯಿತು. ಅಣ್ಣಂದಿರು ಬ್ಯಾರಕ್ಕಿನಲ್ಲಿ ಕಳೆದಿದ್ದ ಎರಡು ವರ್ಷ ತಮ್ಮಂದಿರ ಕೈಗೆ ಬಂತು, ಜೊತೆಗೆ ವಾರದ ಸಂಬಳ. ಆ ಸಂಬಳ ಹೋದದ್ದು ಟೈಲರ್ ಅಂಗಡಿಗೆ.

ಅವರಿಗೆ ಬೇಕಿದ್ದದ್ದು ಇಟಲಿಯ ಮಾದರಿಯ ಸೂಟು. ಗಿಡ್ಡ ಕೋಟು, ಮೂರು ಗುಂಡಿ, ಸಣ್ಣ ಲೇಪಲ್, ಹದಿನಾರು ಹದಿನೇಳು ಇಂಚಿನ ಬಾಟಮ್. ಸಿದ್ಧ ಉಡುಪಿನಲ್ಲಿ ಅವರು ಕೇಳಿದಂತಹದು ಸಿಗುವುದಿಲ್ಲ, ಹೊಲಿಸಲೇಬೇಕು. ಈಸ್ಟ್ ಎಂಡ್ ಬಡಾವಣೆಯ ಯೆಹೂದಿ ದರ್ಜಿಗಳ ಮುಂದೆ ನಿಂತು, ಕೋಟಿನ ಹಿಂದಿನ ಸೀಳು ನಾಲ್ಕು ಇಂಚು ಇರಬೇಕೋ ಐದು ಇರಬೇಕೋ ಎಂದು ವಾದಿಸುತ್ತಿದ್ದರು. ಈ ವಾರ ಐದು ಇಂಚು ಸರಿ. ಮುಂದಿನ ವಾರ ಎಲ್ಲರೂ ಐದು ಮಾಡಿಸಿಕೊಂಡು ಬಂದರೆ ಮೊದಲಿಗನಿಗೆ ಅದು ಬೇಡ.

1962ರಲ್ಲಿ ‘ಟೌನ್’ ಎಂಬ ಪತ್ರಿಕೆ ಇಂಥ ಮೂವರನ್ನು ಹುಡುಕಿ ಬರೆಯಿತು. ಅವರಲ್ಲೊಬ್ಬ ಮಾರ್ಕ್ ಫೆಲ್ಡ್, ಆಗಿನ್ನೂ ಹದಿನಾಲ್ಕರ ಹುಡುಗ. ಹತ್ತು ವರ್ಷದೊಳಗೆ ಅವನು ಮಾರ್ಕ್ ಬೋಲನ್ ಎಂಬ ಹೆಸರಿನಲ್ಲಿ ಟಿ. ರೆಕ್ಸ್ ತಂಡದ ಗಾಯಕನಾಗಿ ಮನೆಮಾತಾದ. ಆದರೆ ಆ ಲೇಖನದಲ್ಲಿ ಅವನು ಬಟ್ಟೆಯ ಮಾತಾಡುವ ಹುಡುಗ. ನನ್ನ ಮಾತಿನ ತಿರುಳೂ ಇದೇ: ಮೊದಲು ಕೋಟು ಬಂತು, ಗಿಟಾರು ಆಮೇಲೆ.

‘ಸ್ಕೂಟರು?’ ಎಂದರು ಸಾಹೇಬರು, ಹೊರಗಿದ್ದ ನನ್ನ ಗಾಡಿಯನ್ನೇ ನೋಡುತ್ತ.

ಸ್ಕೂಟರು ಬಂದದ್ದು ಕೋಟಿನ ಸೇವೆಗೆ. ಈ ಹುಡುಗರು ಕಾಫಿ ಬಾರುಗಳಲ್ಲಿ, ಆಮೇಲೆ ಬೆಳಗಿನವರೆಗೂ ನಡೆಯುವ ಕ್ಲಬ್ಬುಗಳಲ್ಲಿ ಕಾಲ ಕಳೆಯುವವರು. ರಾತ್ರಿ ಕೊನೆಯ ಬಸ್ಸು ಹೋದ ಮೇಲೆ ಮನೆಗೆ ಹೋಗುವುದು ಹೇಗೆ? ಮೋಟಾರ್ ಸೈಕಲ್ಲಿನಲ್ಲಿ ಎಂಜಿನ್ನು ಬಯಲಿಗೆ ಬಿದ್ದಿರುತ್ತದೆ, ಚೈನಿನ ಎಣ್ಣೆ ಪ್ಯಾಂಟಿಗೆ ಸಿಡಿಯುತ್ತದೆ. ಇಟಲಿಯ ವೆಸ್ಪಾದಲ್ಲೂ ಲ್ಯಾಂಬ್ರೆಟಾದಲ್ಲೂ ಎಂಜಿನ್ನನ್ನು ತಗಡಿನ ಡಬ್ಬಿ ಮುಚ್ಚಿರುತ್ತದೆ. ಮುಂದಿನ ಅಗಲ ತಗಡು ಮೊಣಕಾಲಿಗೆ ಕೆಸರು ಹಾರದಂತೆ ತಡೆಯುತ್ತದೆ. ಕಾಲು ಅಗಲಿಸದೆ, ಕುರ್ಚಿಯ ಮೇಲೆ ಕೂತ ಹಾಗೆ ಕೂರಬಹುದು, ಆದ್ದರಿಂದ ಇಸ್ತ್ರಿಯ ಗೆರೆ ಕೆಡುವುದಿಲ್ಲ. ಕಂತಿನಲ್ಲಿ ಸಿಗುತ್ತಿತ್ತು. ಮಳೆ ಚಳಿಗೆ ಮಾತ್ರ ಏನಾದರೂ ಮೇಲೆ ಹಾಕಿಕೊಳ್ಳಬೇಕು. ಅದಕ್ಕೆ ಅಮೆರಿಕದ ಸೈನ್ಯ ಮಾರಿದ ಹಳೆಯ ಪಾರ್ಕಾ ಕೋಟು ಅಗ್ಗಕ್ಕೆ ಸಿಕ್ಕಿತು. ಈಗ ಚಿತ್ರಗಳಲ್ಲಿ ಆ ಹಸಿರು ಪಾರ್ಕಾವೇ ಮಾಡ್‌ಗಳ ಗುರುತಾಗಿ ನಿಂತಿದೆ. ಅವರಿಗೆ ಅದು ಸೂಟಿನ ಮೇಲಿನ ಹೊದಿಕೆ, ಅಷ್ಟೇ.

ಅಜ್ಜಂಪುರದ ಕರಿ ಮಣ್ಣಿನ ದಾರಿಯಲ್ಲಿ ಮಳೆಗಾಲದಲ್ಲಿ ಸ್ಕೂಟರು ಓಡಿಸಿದ ನನಗೆ ಆ ಮುಂದಿನ ತಗಡಿನ ಬೆಲೆ ಗೊತ್ತು. ಶಾಲೆಗೆ ಬಿಳಿ ಪ್ಯಾಂಟಿನಲ್ಲಿ ಹೋಗಿ ಬಿಳಿ ಪ್ಯಾಂಟಿನಲ್ಲೇ ಪಾಠ ಮಾಡಿದ್ದೇನೆ. ತರೀಕೆರೆಯಲ್ಲಿದ್ದ ನನ್ನ ಭಾವನವರದು ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಜಾವಾ. ಅದರ ಸದ್ದು ಕೇಳಿದರೆ ಎಂಥವರಿಗೂ ಆಸೆಯಾಗುತ್ತಿತ್ತು. ಆದರೆ ಮದುವೆ ಮುಂಜಿಗೆ ಹೊರಟಾಗ ಅಕ್ಕ, ‘ಸ್ಕೂಟರ್ ಕಳ್ಸೋ, ಸೀರೆ ಹಾಳಾಗುತ್ತೆ’ ಎನ್ನುತ್ತಿದ್ದಳು. ಲಂಡನ್ನಿನ ಹುಡುಗರ ಲೆಕ್ಕವೂ ಅದೇ. ಅಲ್ಲಿ ಮೋಟಾರ್ ಸೈಕಲ್ಲಿನವರು, ಚರ್ಮದ ಜಾಕೆಟ್ಟಿನವರು ಬೇರೆಯೇ ಒಂದು ಪಂಗಡ, ರಾಕರ್‌ಗಳು. 1964ರ ಈಸ್ಟರಿಗೆ ಕ್ಲಾಕ್ಟನ್ನಿನಲ್ಲಿ, ಮೇ ತಿಂಗಳಲ್ಲಿ ಬ್ರೈಟನ್ನಿನ ಕಡಲ ತಡಿಯಲ್ಲಿ ಇಬ್ಬರಿಗೂ ಹೊಡೆದಾಟವಾಯಿತು. ಪತ್ರಿಕೆಗಳು ಅದನ್ನು ಕದನವೆಂಬಂತೆ ಬರೆದವು, ಇಡೀ ದೇಶಕ್ಕೆ ಮಾಡ್ ಎಂಬ ಮಾತು ತಿಳಿದದ್ದು ಆಗಲೇ. ರಾತ್ರಿಯಿಡೀ ಕುಣಿಯಲು ಅವರು ನುಂಗುತ್ತಿದ್ದ ಮಾತ್ರೆಗಳ ಮೇಲೆ ಅದೇ ವರ್ಷ ಕಾನೂನೂ ಬಂತು. ಆ ಮಾತ್ರೆಗಳು ಎಷ್ಟೋ ಹುಡುಗರನ್ನು ಹಾಳು ಮಾಡಿದವು. ಸೂಟಿನ ಸೊಗಸು ಹೇಳುವಾಗ ಇದನ್ನು ಮುಚ್ಚಿಡುವುದು ತಪ್ಪು.

ಇನ್ನು ಹಾಡಿನ ಮಾತು. ಮಾಡ್‌ಗಳಿಗೆ ತಮ್ಮ ದೇಶದ ಗಿಟಾರ್ ತಂಡಗಳ ಮೇಲೆ ಮೊದಲಿಗೆ ದೊಡ್ಡ ಒಲವೇನೂ ಇರಲಿಲ್ಲ. ಅವರು ಕುಣಿಯುತ್ತಿದ್ದದ್ದು ಅಮೆರಿಕದ ಕರಿಯರ ಸೋಲ್ ಮತ್ತು ರಿದಮ್ ಅಂಡ್ ಬ್ಲೂಸ್ ರೆಕಾರ್ಡುಗಳಿಗೆ, ಜಮೈಕಾದ ಹಾಡುಗಳಿಗೆ. ಸೋಹೋದ ಸೀನ್ ಕ್ಲಬ್ಬಿನಲ್ಲಿ ಗೈ ಸ್ಟೀವನ್ಸ್ ಎಂಬಾತ ಎಲ್ಲೂ ಸಿಗದ ರೆಕಾರ್ಡುಗಳನ್ನು ಹಾಕುತ್ತಿದ್ದ. ಇಂಥ ಕಿವಿಯಿದ್ದವರ ಮುಂದೆ ಒಂದು ತಂಡ ಹೇಗೆ ಸೋತು ಹೇಗೆ ಗೆದ್ದಿತು ಎನ್ನುವುದೇ ಇಲ್ಲಿ ನೋಡಬೇಕಾದ್ದು.

ಪಶ್ಚಿಮ ಲಂಡನ್ನಿನಲ್ಲಿ ದಿ ಹೂ ಎಂಬ ತಂಡವಿತ್ತು. ಅವರು ಹುಟ್ಟಾ ಮಾಡ್‌ಗಳಲ್ಲ. 1964ರಲ್ಲಿ ಪೀಟ್ ಮೀಡನ್ ಎಂಬ ಅಪ್ಪಟ ಮಾಡ್ ಅವರ ಪ್ರಚಾರ ವಹಿಸಿಕೊಂಡ. ಕೂದಲು ಕತ್ತರಿಸಿದ, ಬಟ್ಟೆ ಕೊಡಿಸಿದ, ಹೆಸರನ್ನು ಹೈ ನಂಬರ್ಸ್ ಎಂದು ಬದಲಿಸಿದ. ಮಾಡ್‌ಗಳ ಗುಂಪುಭಾಷೆಯಲ್ಲಿ ಮುಂದಾಳು ‘ಫೇಸ್’, ಅವನ ಹಿಂದಿನವರು ‘ನಂಬರ್’. ಮೀಡನ್ ಅಮೆರಿಕದ ಎರಡು ರೆಕಾರ್ಡುಗಳ ಧಾಟಿ ತೆಗೆದುಕೊಂಡು ಅದಕ್ಕೆ ಬಟ್ಟೆಬರೆಯ ಮಾತು ತುಂಬಿ ಹಾಡು ಬರೆದುಕೊಟ್ಟ. ಜುಲೈನಲ್ಲಿ ಹೊರಬಂದ ಆ ರೆಕಾರ್ಡು ಮಕಾಡೆ ಮಲಗಿತು.

ಯಾಕೆಂದರೆ ಮೂಲದ ಹಾಡು ಆ ಹುಡುಗರಿಗೆ ಗೊತ್ತಿತ್ತು. ಮೂರು ಗುಂಡಿಯ ಕೋಟಿನಲ್ಲಿ ಮೂರನೆಯ ಗುಂಡಿ ಕಾಲಿಂಚು ಕೆಳಗಿದ್ದರೆ ಹಿಡಿಯುವ ಕಣ್ಣಿನವರಿಗೆ, ತಮ್ಮದೇ ಮಾತನ್ನು ತಮಗೇ ಮಾರಲು ಬಂದವರು ತಿಳಿಯದೆ ಇರುತ್ತಾರೆಯೇ?

ಅಷ್ಟರಲ್ಲಿ ಕಿಟ್ ಲ್ಯಾಂಬರ್ಟ್, ಕ್ರಿಸ್ ಸ್ಟ್ಯಾಂಪ್ ಎಂಬಿಬ್ಬರು ತಂಡವನ್ನು ವಹಿಸಿಕೊಂಡರು, ಹಳೆಯ ಹೆಸರು ಮರಳಿತು. ಗಿಟಾರ್ ನುಡಿಸುತ್ತಿದ್ದ ಪೀಟ್ ಟೌನ್‌ಶೆಂಡ್ ಸ್ವಂತ ಹಾಡು ಬರೆಯಲು ಕೂತ. 1965ರ ಜನವರಿಯಲ್ಲಿ ಬಂದ ‘ಐ ಕಾಂಟ್ ಎಕ್ಸ್‌ಪ್ಲೇನ್’ ತನ್ನ ಮನಸ್ಸಿನಲ್ಲಿರುವುದನ್ನು ಹೇಳಲಾಗದ ಹುಡುಗನ ಹಾಡು. ಅದರಲ್ಲಿ ಕೋಟೂ ಇಲ್ಲ, ಸ್ಕೂಟರೂ ಇಲ್ಲ. ಶೆಫರ್ಡ್ಸ್ ಬುಷ್‌ನ ಗೋಲ್ಡ್‌ಹಾಕ್ ಕ್ಲಬ್ಬಿನ ಕೆಲವು ಮಾಡ್ ಹುಡುಗರು ಆಮೇಲೆ ಟೌನ್‌ಶೆಂಡನನ್ನು ಕಂಡು, ನಮಗೆ ಹೇಳಲು ಬಾರದ್ದನ್ನು ನೀನು ಹೇಳಿದ್ದೀಯ, ಇಂಥವೇ ಇನ್ನಷ್ಟು ಬರೆ ಎಂದರಂತೆ. ಅವನೇ ಇದನ್ನು ಎಷ್ಟೋ ಸಲ ನೆನೆದಿದ್ದಾನೆ. ಅದೇ ವರ್ಷದ ಕೊನೆಗೆ ‘ಮೈ ಜನರೇಷನ್’ ಬಂದು ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಆ ಹಾಡಿನ ಗಾಯಕ ತೊದಲುತ್ತಾನೆ.

ಸದ್ದು ಕೂಡ ಅಲ್ಲಿಂದಲೇ ಬೆಳೆಯಿತು. ಕಿಕ್ಕಿರಿದ ಕ್ಲಬ್ಬಿನಲ್ಲಿ ಎಲ್ಲರ ಮಾತನ್ನೂ ಮೀರಿ ಗಿಟಾರು ಕೇಳಬೇಕು. ಹ್ಯಾನ್‌ವೆಲ್‌ನಲ್ಲಿ ವಾದ್ಯದ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಹತ್ತಿರ ಹೋಗಿ, ಇನ್ನೂ ಜೋರಾದ ಆಂಪ್ಲಿಫೈಯರ್ ಮಾಡಿಕೊಡಿ ಎಂದು ತಂಡದವರು ಪೀಡಿಸಿದರು. ನೂರು ವಾಟಿನದು ಬಂತು. ಎಂಟು ಸ್ಪೀಕರಿನ ಒಂದೇ ಪೆಟ್ಟಿಗೆ ಹೊರಲಾಗದಷ್ಟು ಭಾರವಾಗಿ, ನಾಲ್ಕು ನಾಲ್ಕರ ಎರಡು ಪೆಟ್ಟಿಗೆ ಮಾಡಿ ಒಂದರ ಮೇಲೊಂದು ಪೇರಿಸಿದರು. ಮುಂದೆ ರಾಕ್ ವೇದಿಕೆಗಳಲ್ಲಿ ಗೋಡೆಯಂತೆ ನಿಂತ ಪೆಟ್ಟಿಗೆಗಳ ಮೊದಲು ಅದು.

ಸ್ಮಾಲ್ ಫೇಸಸ್ ತಂಡದವರಾದರೋ ಲಂಡನ್ನಿನ ಮಾಡ್ ಹುಡುಗರೇ. ಕುಳ್ಳಗಿದ್ದದ್ದಕ್ಕೆ ‘ಸ್ಮಾಲ್’, ಫೇಸ್ ಎಂದರೆ ಏನೆಂದು ಹೇಳಿದೆನಲ್ಲ. ಅವರ ಮ್ಯಾನೇಜರು ವಾರಕ್ಕೆ ಇಪ್ಪತ್ತು ಪೌಂಡು ಸಂಬಳ, ಜೊತೆಗೆ ಕಾರ್ನಬಿ ರಸ್ತೆಯ ಬಟ್ಟೆ ಅಂಗಡಿಗಳಲ್ಲಿ ಲೆಕ್ಕ ಬರೆಸುವ ಸವಲತ್ತು ಕೊಟ್ಟಿದ್ದ. ಹುಡುಗರು ಖುಷಿಯಾಗಿ ಅಂಗಿ ಕೊಂಡರು. ರೆಕಾರ್ಡಿನ ದುಡ್ಡು ಎಲ್ಲಿ ಹೋಯಿತೆಂದು ಕೇಳುವ ಹೊತ್ತಿಗೆ ತಡವಾಗಿತ್ತು.

ಮುಂದಿನದು ಬೇಗ ಹೇಳಿಬಿಡಬಹುದು. ವೋಕಿಂಗ್ ಊರಿನ ಪಾಲ್ ವೆಲ್ಲರ್ ಈ ಹಾಡುಗಳನ್ನು ಕೇಳಿ, ಕರಿ ಸೂಟು ತೊಟ್ಟು, ಟೌನ್‌ಶೆಂಡನಂತೆ ರಿಕನ್‌ಬ್ಯಾಕರ್ ಗಿಟಾರ್ ಹಿಡಿದು 1977ರಲ್ಲಿ ದಿ ಜಾಮ್ ತಂಡದ ಮೊದಲ ರೆಕಾರ್ಡು ತಂದ. 1979ರಲ್ಲಿ ಮಾಡ್‌ಗಳ ಕಥೆಯ ‘ಕ್ವಾಡ್ರೊಫೀನಿಯಾ’ ಸಿನಿಮಾ ಬಂತು. ಮತ್ತೆ ಹುಡುಗರಿಗೆ ಪಾರ್ಕಾ ಬೇಕು, ಸ್ಕೂಟರು ಬೇಕು. ಆದರೆ ಇಟಲಿಯಲ್ಲಿ ಇನೋಚೆಂಟಿ ಕಂಪನಿ ಲ್ಯಾಂಬ್ರೆಟಾ ತಯಾರಿಕೆ ನಿಲ್ಲಿಸಿ ವರ್ಷಗಳಾಗಿದ್ದವು.

‘ಈಗ ನಿಮ್ಮ ಗಾಡಿ ಬರುತ್ತೆ ನೋಡಿ’ ಎಂದು ಸಾಹೇಬರು ನಕ್ಕರು. ನಿಜ. ಇಟಲಿಯ ಆ ಯಂತ್ರಗಳನ್ನೆಲ್ಲ ಕೊಂಡದ್ದು ನಮ್ಮ ಸರ್ಕಾರ. 1972ರಲ್ಲಿ ಲಖನೌದಲ್ಲಿ ಸ್ಕೂಟರ್ಸ್ ಇಂಡಿಯಾ ಸ್ಥಾಪನೆಯಾಯಿತು, 1975ರಲ್ಲಿ ಗಾಡಿ ಹೊರಬಂತು. ದೇಶದೊಳಗೆ ಅದು ವಿಜಯ್ ಸೂಪರ್. ಹೊರದೇಶಕ್ಕೆ ಹೋದದ್ದು ಲ್ಯಾಂಬ್ರೆಟಾ ಜಿಪಿ ಎಂಬ ಹೆಸರಿನಲ್ಲಿ. ಬ್ರಿಟನ್ನಿನ ಹೊಸ ಮಾಡ್‌ಗಳಿಗೆ ಲಖನೌದಿಂದಲೂ ಹೊಸ ಲ್ಯಾಂಬ್ರೆಟಾ ಹೋಯಿತು. ನಾನು ತರೀಕೆರೆ ರಸ್ತೆಯಲ್ಲಿ ಪ್ಲಗ್ ಬಿಚ್ಚಿ ಕಾರ್ಬನ್ ಉಜ್ಜುತ್ತಿದ್ದ ಗಾಡಿಯ ಒಡಹುಟ್ಟು ಬ್ರೈಟನ್ನಿನ ಕಡಲ ತಡಿಯಲ್ಲಿ ಹತ್ತಾರು ಕನ್ನಡಿ ಸಿಕ್ಕಿಸಿಕೊಂಡು ನಿಂತಿತ್ತು!

ನಮ್ಮಲ್ಲಿ ಸ್ಕೂಟರಿನ ಕಾಲ ಮುಗಿದ ಮೇಲೆ ಹಳೆಯ ಗಾಡಿಗಳೂ ಹಡಗು ಹತ್ತಿದವು. ಗುಜರಿಯ ಬೆಲೆಗೆ ಕೊಂಡು, ತುಕ್ಕು ತಿಂದ ಜಾಗಕ್ಕೆ ಪುಟ್ಟಿ ತುಂಬಿ, ಎರಡು ಬಣ್ಣ ಹೊಡೆದು ಕಳಿಸಿದರು. ಎರಡು ಮುರಿದ ಚಾಸಿಗಳನ್ನು ಬೆಸುಗೆ ಹಾಕಿ ಒಂದು ಮಾಡಿದ್ದೂ ಉಂಟು. ಅಲ್ಲಿಯ ಬಲ್ಲವರು ಗಾಡಿಯ ಮೈಮೇಲೆ ಅಯಸ್ಕಾಂತ ಸವರಿ ನೋಡುತ್ತಾರೆ. ಪುಟ್ಟಿ ಇದ್ದಲ್ಲಿ ಅದು ಹಿಡಿಯದೆ ಜಾರುತ್ತದೆ. ಕಾಲಿಡುವ ತಗಡನ್ನು ಕೆಳಗಿನಿಂದ ನೋಡುತ್ತಾರೆ, ಚಾಸಿ ನಂಬರಿನ ಅಂಕಿಗಳು ಒಂದೇ ಸಾಲಿನಲ್ಲಿವೆಯೇ ಎಂದು ಬೆರಳಾಡಿಸುತ್ತಾರೆ. ನನ್ನ ಗಾಡಿಗೂ ಇಬ್ಬರು ದಲ್ಲಾಳಿಗಳು ಬಂದಿದ್ದರು. ನಾನು ಕೊಡಲಿಲ್ಲ.

ಸಾಹೇಬರು ಅಷ್ಟು ಹೊತ್ತೂ ಟೇಪನ್ನು ಕೊರಳಿಗೆ ಹಾಕಿಕೊಂಡೇ ನಿಂತಿದ್ದರು. ಮೊಮ್ಮಗನ ಬೆನ್ನು ತಿರುಗಿಸಿ ಸೊಂಟದಿಂದ ಕೆಳಕ್ಕೆ ಟೇಪು ಹಿಡಿದರು.

‘ಸೀಳು ಎಷ್ಟು ಅಂದ್ರಿ ಮೇಷ್ಟ್ರೇ, ಐದಾ?’

‘ಹುಡುಗನ್ನೇ ಕೇಳಿ ಸಾಹೇಬ್ರೇ.’

ಅವನು ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗಿ ನೋಡಿಕೊಂಡು, ‘ನಾಲ್ಕೂವರೆ’ ಎಂದ.