ಅಪ್ಪನ ನಂಬರು

ನಮ್ಮಪ್ಪ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ತೊಂಬತ್ತು ದಾಟಿದ ಮೇಲೆ ನನ್ನ ಮೊಮ್ಮಗನಿಂದ ವಾಟ್ಸ್‌ಆ್ಯಪ್ ಕಲಿತರು. ಬೆರಳು ನಡುಗುತ್ತಿದ್ದುದರಿಂದ ಬರೆಯುತ್ತಿರಲಿಲ್ಲ, ಮೈಕಿನ ಗುರುತು ಒತ್ತಿ ಮಾತಾಡುತ್ತಿದ್ದರು. ಪೇಟೆಯ ದಿನ ಹಾವೇರಿಯಲ್ಲಿದ್ದ ನನಗೆ ತಪ್ಪದೆ ಬರುತ್ತಿತ್ತು: "ತಮ್ಮಾ, ಇವತ್ತ ಡಬ್ಬಿಕಾಯಿ ಭಾಳ ಬಂದೈತಂತ."

ಅವರು ತೀರಿಕೊಂಡ ತಿಂಗಳ ಮೇಲೆ ಅವರ ಫೋನ್ ತೆರೆದೆವು. ನನಗೂ ರಾಣೆಬೆನ್ನೂರಿನ ಅಕ್ಕನಿಗೂ ಕಳಿಸಿದ್ದೆಲ್ಲ ನಮ್ಮ ಫೋನುಗಳಲ್ಲೇ ಇತ್ತು. ಆದರೆ ಅಪ್ಪ ತಮಗೆ ತಾವೇ ಕಳಿಸಿಕೊಂಡ ಮಾತುಗಳು ಅಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಗುಳಿಗೆಗಳ ಹೆಸರು, ಮರಿಮಕ್ಕಳ ಹುಟ್ಟಿದ ದಿನ. ಒಂದರಲ್ಲಿ ಅವ್ವ ಹೇಳುತ್ತಿದ್ದ ಸೋಬಾನೆ ಪದ ನೆನಪು ಮಾಡಿಕೊಂಡು ಹಾಡಿ, ಮೂರನೆಯ ಸಾಲಿಗೆ ನಿಲ್ಲಿಸಿಬಿಟ್ಟಿದ್ದರು.

"ಗ್ರೂಪಿನಾಗ ಅಪ್ಪನ ಹೆಸರು ಇರಲಿ ಬಿಡೋ" ಎಂದಳು ಅಕ್ಕ. ನನಗೂ ತೆಗೆಯಲು ಮನಸ್ಸಿರಲಿಲ್ಲ. ಆದರೆ ಬ್ಯಾಂಕ್ ಖಾತೆಗೆ ಇರುವಂತೆ ಇದಕ್ಕೆ ನಾಮಿನಿ ಇಲ್ಲ. ಈ ಖಾತೆ ಅಂಟಿಕೊಂಡಿರುವುದು ಮೊಬೈಲ್ ನಂಬರಿಗೆ. 90 ದಿನ ಬಳಸದ ಪ್ರೀಪೇಯ್ಡ್ ಸಿಮ್ ರದ್ದಾಗಬಹುದು. ಆಮೇಲೆ ಆ ನಂಬರು ಇನ್ನೊಬ್ಬರಿಗೆ ಹೋಗುತ್ತದೆ. ಅವರು ಅದರಲ್ಲಿ ವಾಟ್ಸ್‌ಆ್ಯಪ್ ಹಾಕಿಕೊಂಡರೆ, ನಮ್ಮ ಗ್ರೂಪಿನಲ್ಲಿ 'ಅಪ್ಪ' ಎಂಬ ಹೆಸರಿನ ಕೆಳಗೆ ಯಾರೋ ಅಪರಿಚಿತರು ಮಾತಾಡಬಹುದು. ಇದನ್ನು ಹೇಳಿದ ಮೇಲೆ ಅಕ್ಕ ಸುಮ್ಮನಾದಳು. ನಾವೇ ಮುಚ್ಚುವುದೆಂದು ಆಯಿತು.

ಮುಚ್ಚಿದರೆ ಆ ಫೋನಿನ ಮಾತುಗಳು, ಅವುಗಳ ಬ್ಯಾಕಪ್ಪು ಎಲ್ಲ ಹೋಗುತ್ತವೆ, ಮರಳಿ ಬರುವುದಿಲ್ಲ. ಆದ್ದರಿಂದ ಮೊದಲು ಉಳಿಸಿಕೊಳ್ಳುವ ಕೆಲಸ. ಮೊಮ್ಮಗ ಆ ಮಾತುಕತೆ ತೆರೆದು Export chat ಒತ್ತಿ, ಧ್ವನಿಯೂ ಸೇರುವಂತೆ ಆರಿಸಿ, ನನ್ನ ಇ-ಮೇಲಿಗೆ ಕಳಿಸಿದ. ಬಂತೆಂದು ನಂಬಿ ಕೂಡಲಿಲ್ಲ. ದಿನದ ಕೊನೆಗೆ ನಗದು ಎಣಿಸುವಂತೆ, ಒಂದೊಂದನ್ನೂ ಬೇರೆ ಫೋನಿನಲ್ಲಿ ಹಚ್ಚಿ ಕೇಳಿದೆವು. ಆಮೇಲೆ ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ.

ಸಿಮ್ ಮಾತ್ರ ತಕ್ಷಣ ಬಿಡಲಿಲ್ಲ. ಮನೆಯ ಗ್ಯಾಸಿನ ಬುಕಿಂಗ್ ಅದೇ ನಂಬರಿನಲ್ಲಿತ್ತು. ಅಪ್ಪನ ಬ್ಯಾಂಕ್ ಖಾತೆಗೂ ಅದೇ. ಮರಣ ಪತ್ರ ಕೊಟ್ಟು, ನಾಮಿನಿಯ ಅರ್ಜಿ ಹಾಕಿ ಬ್ಯಾಂಕಿನ ಖಾತೆ ಮುಗಿಸಿದೆ, ಗ್ಯಾಸಿಗೆ ನನ್ನ ನಂಬರು ಕೊಟ್ಟೆ. ಇಷ್ಟಾದ ಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಮೊಮ್ಮಗ ಕೇಳಿದ, "ಅಜ್ಜಾ, ಒತ್ತಲೇನು?" ನಾನೇ ಒತ್ತಿದೆ. ಗ್ರೂಪಿನಿಂದ ಅಪ್ಪನ ನಂಬರು ಹೋಯಿತು. ನನ್ನ ಫೋನಿನಲ್ಲಿ ಡಬ್ಬಿಕಾಯಿಯ ಸುದ್ದಿ ಹಾಗೇ ಉಳಿಯಿತು.

ಮುಂದಿನ ವಾರ ರಾಣೆಬೆನ್ನೂರಿಗೆ ಹೋಗಿ ಅಕ್ಕನಿಗೆ ಸೋಬಾನೆ ಕೇಳಿಸಿದೆ. ಅಪ್ಪ ನಿಲ್ಲಿಸಿದಲ್ಲಿಂದ ಅವಳು ಮುಂದಿನ ಸಾಲು ಎತ್ತಿಕೊಂಡು ಪದ ಪೂರ್ತಿ ಹೇಳಿದಳು. ಮೊಮ್ಮಗ ಅದನ್ನೂ ರೆಕಾರ್ಡ್ ಮಾಡಿ ಅದೇ ಪೆನ್‌ಡ್ರೈವ್‌ಗೆ ಸೇರಿಸಿದ್ದಾನೆ.