‘ಬಂದಿಲ್ಲ’ ಅಂದ್ರೆ ಯಾವ ‘ಬಂದಿಲ್ಲ’?

ಡೆಲಿವರಿ ಆ್ಯಪಿನ ಸಪೋರ್ಟ್ ಚಾಟಲ್ಲಿ ನಾವೆಲ್ಲ ಮೊದಲು ಟೈಪ್ ಮಾಡೋ ಲೈನ್ ಒಂದೇ: “ನನ್ನ ಆರ್ಡರ್ ಇನ್ನೂ ಬಂದಿಲ್ಲ.” ಕನ್ನಡದಲ್ಲಿ ಏನೂ ತಪ್ಪಿಲ್ಲ. ಆದ್ರೆ ಆ ‘ಇನ್ನೂ’ ಇದ್ಯಲ್ಲ, ಅದನ್ನ ನೋಡಿದ ತಕ್ಷಣ ಆ ಕಡೆಯವರು ‘ಲೇಟ್ ಆಗಿದೆ, ಬರುತ್ತೆ’ ಅಂತ ತಗೋತಾರೆ. “ದಯವಿಟ್ಟು 24 ಗಂಟೆ ಕಾಯಿರಿ” ಅಂತ ಉತ್ತರ ಬರುತ್ತೆ. ಆ್ಯಪಲ್ಲಿ ಆಗ್ಲೇ ‘ಡೆಲಿವರ್ಡ್’ ಅಂತ ಬಿದ್ದಿದ್ರೆ ಅದು ಲೇಟ್ ಅಲ್ಲ ಕಣ್ರೋ, ಬೇರೇನೇ ಕೇಸು.

ನಮ್ ದೊಡ್ಡಮ್ಮಂಗೆ ಆಗಿದ್ದು ಇದೇ. ಮಿಕ್ಸಿ ಜಾರು, ₹649, ಮುಂಚೇನೇ ಯುಪಿಐಲಿ ಕಟ್ಟಿದ್ರು. ಮಂಗಳವಾರ ಸಾಯಂಕಾಲ ‘ಡೆಲಿವರ್ಡ್’ ಅಂತ ಬಂತು, ಜಾರು ಬರ್ಲಿಲ್ಲ. ದೊಡ್ಡಮ್ಮ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ ಕಳಿಸಿದ್ರು. ಮೊದಲು “ಇನ್ನೂ ಬಂದಿಲ್ಲ”, ಆಮೇಲೆ ಕೋಪ ಬಂದು “ವಾಪಸ್ ಬೇಕು”. ಅಷ್ಟೇ ನೋಡಿ, ರಿಟರ್ನ್ ರಿಕ್ವೆಸ್ಟ್ ಓಪನ್ ಆಗಿ “ನಾಳೆ ಪಿಕಪ್‌ಗೆ ಬರ್ತೀವಿ, ಐಟಂ ರೆಡಿ ಇಟ್ಟಿರಿ” ಅಂತ ಮೆಸೇಜು! “ಬರ್ದೇ ಇರೋದ್ನ ಎಲ್ಲಿಂದ ತಂದ್ಕೊಡ್ಲಪ್ಪಾ?” ಅಂತ ಫೋನ್ ನನ್ ಕೈಗೆ ಕೊಟ್ರು.

ನಮ್ ಮಾತಲ್ಲಿ ‘ವಾಪಸ್’ ಅನ್ನೋದು ಎರಡೂ ಕಡೆ ಓಡಾಡುತ್ತೆ. ಸಾಮಾನು ವಾಪಸ್ ಹೋದ್ರೂ ವಾಪಸ್ಸೇ, ದುಡ್ಡು ವಾಪಸ್ ಬಂದ್ರೂ ವಾಪಸ್ಸೇ. ಚಾಟಲ್ಲಿ ಅವು ಎರಡು ಬೇರೆ ಬಟನ್ನು, ರಿಟರ್ನ್ ಮತ್ತೆ ರೀಫಂಡ್. ಅದಕ್ಕೆ ಆ ಪದಾನೇ ಬಿಟ್ಟು ‘ರೀಫಂಡ್’ ಅಂತ್ಲೇ ಹಾಕೋದು ವಾಸಿ.

ಮೊದಲು ಆ ಪಿಕಪ್ ಕ್ಯಾನ್ಸಲ್ ಮಾಡ್ದೆ. ಆಮೇಲೆ ಬಸ್ ಸ್ಟ್ಯಾಂಡ್ ಹತ್ರದ ಅಂಗಡೀಲಿ ಕೇಳ್ದೆ, ಯಾಕಂದ್ರೆ ಬಿಳಿಗೆರೆಯಂಥ ಊರಲ್ಲಿ ಪಾರ್ಸಲ್ ಮನೆಗೇ ಬರುತ್ತೆ ಅಂತ ಗ್ಯಾರಂಟಿ ಇಲ್ಲ, ಗುರುತಿನ ಅಂಗಡೀಲಿ ಇಟ್ಟು ಹೋಗಿರ್ತಾರೆ. ಅಲ್ಲೂ ಇಲ್ಲ, ಪಕ್ಕದ ಮನೇಲೂ ಇಲ್ಲ. ಆಗ ಬರೆದಿದ್ದು ಇದು:

“ಆರ್ಡರ್ ನಂಬರ್ ಇದು. ಮಂಗಳವಾರ ಡೆಲಿವರ್ಡ್ ಅಂತ ತೋರಿಸ್ತಿದೆ, ಆದ್ರೆ ಪಾರ್ಸಲ್ ನಮ್ ಕೈಗೆ ಸಿಕ್ಕಿಲ್ಲ. ಅಕ್ಕಪಕ್ಕ ಯಾರ್ ಹತ್ರಾನೂ ಕೊಟ್ಟಿಲ್ಲ. ಓಟಿಪಿ ಬಂದಿಲ್ಲ, ನಾವು ಯಾರಿಗೂ ಹೇಳೂ ಇಲ್ಲ. ಯಾರಿಗೆ ಕೊಟ್ರಿ ಅನ್ನೋದಕ್ಕೆ ಡೆಲಿವರಿ ಪ್ರೂಫ್ ಕಳಿಸಿ.”

ಕೊನೇ ವಾಕ್ಯಾನೇ ಮುಖ್ಯ. ಪ್ರೂಫ್ ಅಂದ್ರೆ ಫೋಟೋ, ಸಹಿ ಅಥವಾ ಓಟಿಪಿ. ಅದು ಅವರ ಹತ್ರ ಇಲ್ದಿದ್ರೆ “ಕಾಯಿರಿ” ಅನ್ನೋಕೆ ಕಷ್ಟ. ಅದೇ, ಪಾರ್ಸಲ್ ನೋಡೋಕೆ ಮುಂಚೆ ಫೋನಲ್ಲೇ ಓಟಿಪಿ ಹೇಳ್ಬಿಟ್ಟಿದ್ರೆ ಈ ಲೈನ್‌ಗೆ ಬಲಾನೇ ಇರ್ತಿರ್ಲಿಲ್ಲ, ‘ತಗೊಂಡಿದೀರಿ’ ಅನ್ನೋಕೆ ಅದೇ ಸಾಕ್ಷಿ.

ಬಂದ ಫೋಟೋದಲ್ಲಿ ಯಾವುದೋ ನೀಲಿ ಗೇಟು. ದೊಡ್ಡಮ್ಮನ ಮನೆಗೆ ಗೇಟೇ ಇಲ್ಲ! ಬಾಗಿಲ ಫೋಟೋ ತೆಗೆದು ಕಳಿಸಿದ್ಮೇಲೆ ಒಪ್ಕೊಂಡ್ರು. ಒಪ್ಕೊಂಡು, ವಾಲೆಟ್‌ಗೆ ಹಾಕ್ತೀವಿ ಅಂದ್ರು. ವಾಲೆಟ್‌ಗೆ ಬೇಗ ಬರುತ್ತೆ ನಿಜ, ಆದ್ರೆ ಆ ದುಡ್ಡನ್ನ ಮತ್ತೆ ಅವರ ಆ್ಯಪಲ್ಲೇ ಖರ್ಚು ಮಾಡ್ಬೇಕು. ಅದಕ್ಕೆ ಎರಡನೇ ಲೈನ್: “ವಾಲೆಟ್ ಬೇಡ. ₹649 ಕಟ್ಟಿದ ಅಕೌಂಟಿಗೇ ರೀಫಂಡ್ ಮಾಡಿ. ಕಂಪ್ಲೇಂಟ್ ನಂಬರ್ ಕೊಡಿ.”

ಆ ನಂಬರ್ ಬರೋವರೆಗೂ ಚಾಟ್ ಕ್ಲೋಸ್ ಮಾಡ್ಬೇಡಿ. ಕ್ಲೋಸ್ ಆದ್ಮೇಲೆ ಕೆಲವು ಆ್ಯಪಲ್ಲಿ ಹಳೇ ಮಾತು ಕಾಣೋದೇ ಇಲ್ಲ, ಸ್ಕ್ರೀನ್‌ಶಾಟ್ ಇಟ್ಕೊಂಡಿರಿ.

“ರೀಫಂಡ್ ಮಾಡಿದೀವಿ” ಅಂದ ಮಾತ್ರಕ್ಕೆ ದುಡ್ಡು ಬಂತು ಅಂತಲ್ಲ. ಅಕೌಂಟ್ಸ್ ಓದೋ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾ? ಅವರ ಕಡೆಯಿಂದ ಹೊರಟಿದೆ, ನಮ್ ಪಾಸ್‌ಬುಕ್ಕಿಗೆ ಕ್ರೆಡಿಟ್ ಆಗಿಲ್ಲ. ಅವರು ಹೇಳಿದ ದಿನ ದಾಟಿದ್ರೆ “ರೀಫಂಡ್ ರೆಫರೆನ್ಸ್ ನಂಬರ್ ಕೊಡಿ” ಅಂತ ಕೇಳಿ. ಯುಪಿಐದು ಸಾಮಾನ್ಯವಾಗಿ 12 ಅಂಕಿ ಇರುತ್ತೆ, ಅದನ್ನ ತೋರಿಸಿದ್ರೆ ಬ್ಯಾಂಕಲ್ಲಿ ಹುಡುಕಬಹುದು. ಮತ್ತೆ, ದುಡ್ಡು ಬರೋಕೆ ಪಿನ್ ಒತ್ತೋ ಅವಶ್ಯಕತೆ ಯಾವತ್ತೂ ಇಲ್ಲ. ‘ರೀಫಂಡ್‌ಗೆ ಪಿನ್ ಹಾಕಿ’ ಅಂದೋನು ಕಳ್ಳ.

ದೊಡ್ಡಮ್ಮಂಗೆ ಐದನೇ ದಿನ ಬಂತು. ಬರದೇ ಇದ್ದಿದ್ರೆ ಮುಂದಿನ ಲೈನೂ ರೆಡಿ ಇತ್ತು: “ಗ್ರೀವೆನ್ಸ್ ಆಫೀಸರ್‌ಗೆ ಕಳಿಸಿ.” 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆ ಆಫೀಸರ್ ಹೆಸರು, ಸಂಪರ್ಕ ಆ್ಯಪಲ್ಲೇ ಹಾಕಿರ್ಬೇಕು. ದೂರು ತಲುಪಿದೆ ಅಂತ 48 ಗಂಟೆಯೊಳಗೆ ಹೇಳ್ಬೇಕು, ಒಂದು ತಿಂಗಳೊಳಗೆ ಬಗೆಹರಿಸ್ಬೇಕು. ಅದೂ ಆಗ್ಲಿಲ್ಲ ಅಂದ್ರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡ್ತಾರೆ. ಅದು ಕೋರ್ಟ್ ಅಲ್ಲ, ಆದೇಶ ಮಾಡಲ್ಲ, ನಿಮ್ಮ ದೂರನ್ನ ಕಂಪನಿ ಮುಂದೆ ಇಟ್ಟು ಉತ್ತರ ಕೇಳ್ತಾರೆ. ಫೋನ್ ಮಾಡುವಾಗ ಆ ಕಂಪ್ಲೇಂಟ್ ನಂಬರ್ ಮತ್ತೆ ಸ್ಕ್ರೀನ್‌ಶಾಟ್ ಹತ್ರ ಇಟ್ಕೊಂಡು ಕೂತ್ಕೊಳಿ.