ಉಳಿಸಿ, ಅಳಿಸಿ ಮತ್ತು ಕಾಕಾನ ಹಾಲಿನ ಲೆಕ್ಕ

ಬೇಡಕಿಹಾಳದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತೇ ನಾನು ಆ್ಯಪ್‌ಗಳ ಇಂಗ್ಲಿಷ್ ಪದಗಳನ್ನು ಕನ್ನಡಕ್ಕೆ ತರುತ್ತೇನೆ. ಹೋದ ವರ್ಷ ಹಾಲು ಸಂಗ್ರಹದ ಲೆಕ್ಕ ಬರೆಯುವ ಒಂದು ಆ್ಯಪ್ ಬಂತು. ಓಣಿಯಲ್ಲಿ ಹಾಲು ಅಳೆಯುವ ನಮ್ಮ ಕಾಕಾನ ಫೋನಿಗೆ ಹೆಮ್ಮೆಯಿಂದ ಹಾಕಿಕೊಟ್ಟೆ.

ಮೂರನೇ ದಿನ ರಾತ್ರಿ ಕಾಕಾ ಬಂದ. "ತಮ್ಮಾ, ಸಂಜಿ ಲೆಕ್ಕಾನ ಹೋತಲ್ಲೋ! ನಾ ಉಳಿಸಿ ಅನ್ನೋದನ್ನ ಒತ್ತೇನಿ."

41 ಮಂದಿಯ ಲೀಟರು, ಫ್ಯಾಟು ಎಲ್ಲಾ ಮಾಯ. ಒತ್ತಿದ್ದು 'ಅಳಿಸಿ'. ಅದು, 'ಉಳಿಸಿ' ಎರಡೂ ಅಕ್ಕಪಕ್ಕ ಇದ್ದವು. ಮೊದಲ ಅಕ್ಷರ ಬಿಟ್ಟರೆ ಉಳಿದದ್ದೆಲ್ಲಾ ಒಂದೇ. ಹಾಗಾದರೆ ಖಚಿತ ಮಾಡಿಕೊಳ್ಳುವ ಪ್ರಶ್ನೆ ಬರಲಿಲ್ಲವೇ? ಬಂದಿತ್ತು: "ದಾಖಲೆ ತೆಗೆಯಬೇಕೇ?" ಕೆಳಗೆ 'ಸರಿ', 'ರದ್ದು'. ನಮ್ಮಲ್ಲಿ ಬಾಗಿಲು ತೆಗಿ ಅಂದರೆ ತೆರೆ ಅಂತ. ದಾಖಲೆ ತೆರೆದು ತೋರಿಸುತ್ತದೆ ಅಂದುಕೊಂಡು ಕಾಕಾ 'ಸರಿ' ಒತ್ತಿದ್ದ. ತಪ್ಪು ಅವನದಲ್ಲ. ಬಟನ್ ನಾನು ಬರೆದಿದ್ದೆ, ಪ್ರಶ್ನೆ ಇನ್ನೊಬ್ಬರು ಬರೆದಿದ್ದರು. ಇಬ್ಬರೂ ಪದಪಟ್ಟಿ ಮಾಡಿಕೊಂಡಿರಲಿಲ್ಲ.

ಮೊದಲು 'ಅಳಿಸಿ' ಬದಲು 'ತೆಗೆದುಹಾಕಿ' ಹಾಕಿದೆ. ಶೀಟು ಕೆಂಪಾಯಿತು. ಬಟನ್ನಿಗೆ ಮಿತಿ 8. ಕಣ್ಣಿಗೆ ಐದೇ ಅಕ್ಷರ, ಆದರೆ ಕಂಪ್ಯೂಟರ್ ಎಣಿಸುವುದು 10. ಅದಕ್ಕೆ 'ತ' ಒಂದು, ಅದರ ಎತ್ವ ಇನ್ನೊಂದು. ಒತ್ತಕ್ಷರ ಬಂದರಂತೂ ಕಾಣದ ವಿರಾಮ ಚಿಹ್ನೆಯೂ ಲೆಕ್ಕಕ್ಕೆ ಸೇರುತ್ತದೆ. "ಎಣಿಸಬೇಡಿ, ಫೋನಿನಲ್ಲಿ ಅಗಲ ನೋಡಿ" ಅಂತ ಡೆವಲಪರ್‌ಗೆ ಹೇಳಿದೆ. ಅವರ ಫೋನಿನಲ್ಲಿ ಹಿಡಿಯಿತು. ಕಾಕಾನ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟಿದ್ದ. ಅಲ್ಲಿ ಕೊನೆಯ 'ಕಿ' ಹೋಗಿ 'ತೆಗೆದುಹಾ…' ಆಯಿತು. ಅಂದಿನಿಂದ ಅತಿ ದೊಡ್ಡ ಅಕ್ಷರ ಇಟ್ಟೇ ಪರೀಕ್ಷೆ ಮಾಡುತ್ತೇನೆ.

"ಕಾಕಾ, ಇದಕ್ಕ ನೀ ಏನಂತೀ?"

"ಡಿಲೀಟ್ ಅಂತೀವಪಾ, ಮತ್ತೇನ?"

ಎಣಿಸಿದರೆ 6. 'ಉಳಿಸಿ' ಜೊತೆ ಗೊಂದಲವೂ ಇಲ್ಲ. ಅಚ್ಚ ಕನ್ನಡ ಬೇಕೆಂಬ ನನ್ನ ಹಟ ಅಲ್ಲಿಗೆ ಬಿಟ್ಟೆ.

ಆದರೆ ಬಟನ್ ಒಂದನ್ನೇ ಬದಲಿಸಿದರೆ ಸಾಲದು. 'ಅಳಿಸ' ಅಂತ ಹುಡುಕಿದರೆ 'ಅಳಿಸಲಾಗಿದೆ' ಸಿಗುತ್ತದೆ, 'ತೆಗೆಯಬೇಕೇ' ಸಿಗುವುದಿಲ್ಲ. ಅದಕ್ಕೇ ಇಂಗ್ಲಿಷ್ ಕಾಲಮ್ಮಿನಲ್ಲಿ Delete ಇರುವ ಸಾಲುಗಳನ್ನಷ್ಟೇ ಸೋಸಿ, ಪಕ್ಕದ ಕನ್ನಡ ಓದಿದೆ. ಒಂದೇ ಕ್ರಿಯೆಗೆ ಮೂರು ಪದ! ಎಲ್ಲ ಒಂದು ಮಾಡಿ, ಪದಪಟ್ಟಿಯಲ್ಲಿ ಬರೆದಿಟ್ಟೆ. ಪ್ರಶ್ನೆ ಈಗ "ಈ ದಾಖಲೆ ಡಿಲೀಟ್ ಮಾಡಬೇಕೇ?" ಬಟನ್‌ಗಳು 'ಡಿಲೀಟ್', 'ಬೇಡ'. 'ಸರಿ' ಅಂದರೆ ಯಾವುದಕ್ಕೆ ಸರಿ ಅಂತ ಯೋಚಿಸುವ ಕೆಲಸವೇ ಇಲ್ಲ.

ಆ ಸಂಜೆಯ ಲೆಕ್ಕ? ಮರುದಿನ ಕಾಕಾನ ಜೊತೆ ಮನೆಮನೆಗೆ ಹೋಗಿ, ಜನರ ಚೀಟಿ ನೋಡಿ ಮತ್ತೆ ತುಂಬಿದೆ. ಕೊನೆಗೆ ಕಾಕಾ ತಾನೇ 'ಉಳಿಸಿ' ಒತ್ತಿದ. ಒತ್ತುವ ಮುಂಚೆ ಮಾತ್ರ ಒಮ್ಮೆ ನನ್ನ ಮುಖ ನೋಡಿದ.